42 ಹೆಸರಿಗೆ 42 ಫೋಲ್ಡರ್, ಒಂದೇ ಏಟಿಗೆ

ಜೂನ್ ಬಂತೆಂದರೆ ಮಂಡ್ಯದ ಕಡೆಯ ಶಾಲೆಗಳಲ್ಲಿ ಯಾರಾದರೂ ಒಬ್ಬ ಮೇಷ್ಟ್ರು ಕಂಪ್ಯೂಟರ್ ಮುಂದೆ ಕೂತು ಇದನ್ನೇ ಮಾಡುತ್ತಿರುತ್ತಾರೆ. ರೈಟ್ ಕ್ಲಿಕ್, ಹೊಸ ಫೋಲ್ಡರ್, ಹಾಜರಿ ಪಟ್ಟಿ ನೋಡಿಕೊಂಡು ಹೆಸರು ಟೈಪ್, ಎಂಟರ್. ಮತ್ತೆ ರೈಟ್ ಕ್ಲಿಕ್. ಮಕ್ಕಳ ಜನನ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ, ಫೋಟೊ ಎಲ್ಲವನ್ನೂ ಸ್ಕ್ಯಾನ್ ಮಾಡಿ ಇಡಲು ತಲೆಗೊಂದು ಫೋಲ್ಡರ್ ಬೇಕು, ನಿಜ. ಆದರೆ ಆ ಹೆಸರುಗಳೆಲ್ಲ ಆಗಲೇ ಎಕ್ಸೆಲ್‌ನಲ್ಲಿವೆ. ಒಮ್ಮೆ ಟೈಪ್ ಆದದ್ದನ್ನು ಇನ್ನೊಮ್ಮೆ ಟೈಪ್ ಮಾಡಿದರೆ ಹೊಸ ಕಾಗುಣಿತ ತಪ್ಪುಗಳು ಸೇರುತ್ತವೆ, ಅಷ್ಟೇ.

ವಿಂಡೋಸ್‌ನಲ್ಲಿ ಇದಕ್ಕೆ ಬೇರೆ ತಂತ್ರಾಂಶ ಬೇಕಿಲ್ಲ. ‘ಸಾವಿರ ಫೋಲ್ಡರ್ ಒಂದೇ ಕ್ಲಿಕ್‌ಗೆ’ ಎಂದು ಪುಕ್ಕಟೆ ಸಿಗುವ ಸಲಕರಣೆಗಳನ್ನು ಇಳಿಸಿಕೊಳ್ಳಬೇಡಿ. ಅವುಗಳಲ್ಲಿ ಎಷ್ಟೋ ತಮ್ಮ ಜೊತೆಗೆ ಬ್ರೌಸರ್‌ಗೆ ಅಂಟಿಕೊಳ್ಳುವ ಇನ್ನೇನನ್ನೋ ತರುತ್ತವೆ. ಎಕ್ಸೆಲ್, ನೋಟ್‌ಪ್ಯಾಡ್ ಎರಡೇ ಸಾಕು.

ಎಂಟನೇ ತರಗತಿಯ ‘ಎ’ ವಿಭಾಗದ 42 ಮಕ್ಕಳ ಪಟ್ಟಿ ಎಂದಿಟ್ಟುಕೊಳ್ಳೋಣ. A ಕಾಲಂನಲ್ಲಿ ಕ್ರಮಸಂಖ್ಯೆ, B ಕಾಲಂನಲ್ಲಿ ಹೆಸರು, ಮೊದಲ ಸಾಲಿನಲ್ಲಿ ತಲೆಬರಹ.

ಹಂತ 1: ಹೆಸರು ತೊಳೆಯುವುದು

ಕೆಲಸ ಕೆಡುವುದು ಇಲ್ಲೇ. ಫೋಲ್ಡರ್ ಹುಟ್ಟಿಸುವುದು ಎರಡು ನಿಮಿಷದ ಮಾತು, ಅದಕ್ಕೆ ಮುಂಚೆ ಹೆಸರುಗಳನ್ನು ಸರಿಮಾಡುವುದಕ್ಕೇ ಸಮಯ ಕೊಡಬೇಕು. ಮೊದಲು ಪಟ್ಟಿಯನ್ನು ಹೊಸ ಶೀಟ್‌ಗೆ ನಕಲು ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ.

ಫೋಲ್ಡರ್ ಹೆಸರಿನಲ್ಲಿ ವಿಂಡೋಸ್ ಒಪ್ಪದ ಚಿಹ್ನೆಗಳು ಒಂಬತ್ತು:

```
\ / : * ? " < > |
```

ನಕ್ಷತ್ರವೋ ಪ್ರಶ್ನಾರ್ಥಕ ಚಿಹ್ನೆಯೋ ಹೆಸರಿನಲ್ಲಿದ್ದರೆ ಆ ಫೋಲ್ಡರ್ ಹುಟ್ಟುವುದಿಲ್ಲ, ಪರದೆಯ ಮೇಲೆ ದೂರು ಬರುತ್ತದೆ, ನಿಮಗೂ ಗೊತ್ತಾಗುತ್ತದೆ. ಅಪಾಯ ಇರುವುದು `/` ಎಂಬ ಅಡ್ಡಗೀಟಿನಲ್ಲಿ. ಅದು ದೂರು ಹೇಳುವುದಿಲ್ಲ. ಪಟ್ಟಿಯಲ್ಲಿ `Kavya D/O Shivanna` ಎಂದಿದ್ದರೆ ವಿಂಡೋಸ್ ಆ ಗೀಟನ್ನು ‘ಒಂದರೊಳಗೆ ಇನ್ನೊಂದು’ ಎಂದು ಓದುತ್ತದೆ. ಹೊರಗೆ `Kavya D` ಎಂಬ ಫೋಲ್ಡರ್, ಅದರೊಳಗೆ `O Shivanna` ಎಂಬ ಮರಿ ಫೋಲ್ಡರ್ ಹುಟ್ಟುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ ಇದ್ದಂತೆಯೇ ಕಾಣುತ್ತದೆ.

ಮೈಸೂರಿನ ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಇದರ ಪಾಡು ಇನ್ನೂ ಚೆನ್ನ. ಅಲ್ಲಿ ಅರ್ಧ ಗಿರಾಕಿಗಳ ಹೆಸರು `M/s` ಎಂದೇ ಶುರು. ಹಾಗೇ ಬಿಟ್ಟರೆ ಬೆಲ್ಲದ ಮಂಡಿ, ರೇಷ್ಮೆ ಅಂಗಡಿ, ಟ್ರಾವೆಲ್ಸ್ ಎಲ್ಲವೂ `M` ಎಂಬ ಒಂದೇ ಫೋಲ್ಡರ್‌ನ ಹೊಟ್ಟೆಯೊಳಗೆ ಸೇರಿಕೊಳ್ಳುತ್ತವೆ. ಗೀಟನ್ನಷ್ಟೇ ತೆಗೆದು `Ms` ಎಂದು ಉಳಿಸಿಕೊಳ್ಳುವವರಿದ್ದಾರೆ, ಅದೂ ಬೇಡ. ಅರ್ಧ ಗಿರಾಕಿಗಳು M ಅಕ್ಷರದ ಕೆಳಗೆ ಗುಂಪುಗೂಡಿದರೆ ಹುಡುಕುವುದು ಹೇಗೆ? Ctrl+H ಒತ್ತಿ, `M/s` ಇರುವಲ್ಲಿ ಏನೂ ಇಲ್ಲದಂತೆ ಬದಲಿಸಿ. ಅದರ ಮುಂದೆ ಚುಕ್ಕಿ ಇದ್ದರೆ ಮೊದಲು ಚುಕ್ಕಿ ಸಮೇತ, ಆಮೇಲೆ ಚುಕ್ಕಿಯಿಲ್ಲದ್ದನ್ನು. ಶಾಲೆಯವರು `D/O`, `S/O` ಎರಡಕ್ಕೂ ಹೀಗೇ ಮಾಡಿ. `Kavya Shivanna` ಎಂದರೆ ಯಾರಿಗೂ ಅನುಮಾನ ಬರುವುದಿಲ್ಲ.

ಎರಡನೇ ತೊಡಕು ಕಣ್ಣಿಗೆ ಕಾಣದ ಜಾಗಗಳು. ಜಾಲತಾಣದ ಪುಟದಿಂದ ನಕಲು ಮಾಡಿದ ಪಟ್ಟಿಯಲ್ಲಿ ಮಾಮೂಲಿ ಸ್ಪೇಸ್‌ನಂತೆಯೇ ಕಾಣುವ ಬೇರೊಂದು ಅಕ್ಷರ ಇರುತ್ತದೆ, `TRIM` ಅದನ್ನು ತೆಗೆಯುವುದಿಲ್ಲ. ಇನ್ನು ಕೆಲವರು Alt+Enter ಒತ್ತಿ ಒಂದೇ ಸೆಲ್‌ನಲ್ಲಿ ಮಗುವಿನ ಹೆಸರು ಮೇಲೆ, ತಂದೆಯ ಹೆಸರು ಕೆಳಗೆ ಬರೆದಿರುತ್ತಾರೆ. ಎರಡಕ್ಕೂ ಸೇರಿಸಿ C2 ಸೆಲ್‌ನಲ್ಲಿ ಈ ಫಾರ್ಮುಲಾ ಹಾಕಿ:

```
=TEXT(A2,"00")&" "&TRIM(SUBSTITUTE(SUBSTITUTE(SUBSTITUTE(B2,CHAR(160)," "),CHAR(10)," "),"/","-"))
```

ಹೆಸರಿನ ಮುಂದೆ ಎರಡಂಕಿಯ ಸಂಖ್ಯೆ ಬರುತ್ತದೆ, ತಪ್ಪಿ ಉಳಿದ `/` ಗೀಟು `-` ಆಗುತ್ತದೆ. ಸಂಖ್ಯೆ ಬೇಡ ಎನ್ನುವವರು ತರಗತಿಯಲ್ಲಿ ಇಬ್ಬರು ಕಾವ್ಯ ಇದ್ದರೆ ಏನಾಗುತ್ತದೆ ಯೋಚಿಸಿ: ಎರಡನೆಯವಳಿಗೆ ಫೋಲ್ಡರ್ ಹುಟ್ಟುವುದೇ ಇಲ್ಲ. `01` ಎಂದು ಸೊನ್ನೆ ಹಚ್ಚುವುದೂ ಸುಮ್ಮನೆ ಅಲ್ಲ. ವಿಂಡೋಸ್ 2 ಆದಮೇಲೆ 10 ಎಂದು ಸರಿಯಾಗಿ ಜೋಡಿಸಿದರೂ ಬೇರೆ ಕಡೆ ಒಯ್ದಾಗ 1, 10, 11, 2 ಎಂದು ಸಾಲು ತಪ್ಪಬಹುದು.

ಸೆಲ್‌ನಲ್ಲಿ ಉತ್ತರದ ಬದಲು ಫಾರ್ಮುಲಾವೇ ಅಕ್ಷರಶಃ ಕಂಡರೆ ಆ ಕಾಲಂ Text ಎಂದು ಗುರುತಾಗಿದೆ. General ಮಾಡಿ, F2 ಒತ್ತಿ ಎಂಟರ್ ಕೊಡಿ.

ನುಡಿ, ಬರಹದಲ್ಲಿ ಟೈಪ್ ಆದ ಪಟ್ಟಿಯಾದರೆ

ಹಳೆಯ ಪಟ್ಟಿಗಳಲ್ಲಿ ಹೆಸರು ಅಂದವಾದ ಕನ್ನಡದಲ್ಲಿ ಕಾಣುತ್ತದೆ, ಫೋಲ್ಡರ್ ಮಾಡಿದರೆ ಮಾತ್ರ ಸೊಟ್ಟ ಸೊಟ್ಟ ಇಂಗ್ಲಿಷ್ ಅಕ್ಷರಗಳ ಸಂತೆ. ಕಾರಣ ಇಷ್ಟೆ: ಯೂನಿಕೋಡ್‌ಗಿಂತ ಹಿಂದಿನ ಪದ್ಧತಿಯಲ್ಲಿ ಟೈಪ್ ಮಾಡಿದಾಗ ಒಳಗಿರುವುದು ಲ್ಯಾಟಿನ್ ಅಕ್ಷರಗಳೇ, ಫಾಂಟ್ ಅವುಗಳಿಗೆ ಕನ್ನಡದ ಚಿತ್ರ ತೊಡಿಸಿರುತ್ತದೆ. ಫೋಲ್ಡರ್ ಹೆಸರಿಗೆ ನೀವು ಫಾಂಟ್ ತೊಡಿಸಲಾರಿರಿ. ಪತ್ತೆ ಹಚ್ಚುವುದು ಸುಲಭ. ಹೆಸರಿರುವ ಸೆಲ್ ಮೇಲೆ ಕ್ಲಿಕ್ ಮಾಡಿ ಮೇಲಿನ ಫಾರ್ಮುಲಾ ಪಟ್ಟಿ ನೋಡಿ. ಅಲ್ಲಿಯೂ ಕನ್ನಡವೇ ಇದ್ದರೆ ಯೂನಿಕೋಡ್, ಮುಂದುವರಿಯಿರಿ. ಗಜಿಬಿಜಿ ಕಂಡರೆ ಆಸ್ಕಿಯಿಂದ ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ, ಆಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕಣ್ಣಾರೆ ಓದಿ ನೋಡಿ. ‘ಸೆಲ್‌ನ ಫಾಂಟ್ ಬದಲಾಯಿಸಿದರೆ ಸರಿಹೋಗುತ್ತೆ ಸಾರ್’ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಹೋಗುವುದಿಲ್ಲ.

ಹಂತ 2: ಆಜ್ಞೆ ಕಟ್ಟುವುದು

`md` ಎಂದರೆ ವಿಂಡೋಸ್‌ಗೆ ‘ಫೋಲ್ಡರ್ ಮಾಡು’ ಎಂಬ ಆಜ್ಞೆ. D2 ಸೆಲ್‌ನಲ್ಲಿ:

```
="md """&C2&""""
```

ಇಷ್ಟೊಂದು ಉದ್ಧರಣ ಚಿಹ್ನೆ ಯಾಕೆಂದು ಕೆಲವರು ಕಿತ್ತುಹಾಕುತ್ತಾರೆ. ಕಿತ್ತರೆ `md 07 Kavya Shivanna` ಎಂದಾಗುತ್ತದೆ, ವಿಂಡೋಸ್ ಅದನ್ನು ಮೂರು ಹೆಸರೆಂದು ತಿಳಿದು ಮೂರು ಫೋಲ್ಡರ್ ಮಾಡುತ್ತದೆ. C, D ಎರಡನ್ನೂ 43ನೇ ಸಾಲಿನವರೆಗೆ ಎಳೆಯಿರಿ, ಅದರ ಕೆಳಗೆ ಬೇಡ. ಖಾಲಿ ಸಾಲಿಗೂ ಎಳೆದರೆ `00` ಎಂಬ ಅನಾಥ ಫೋಲ್ಡರ್ ಹುಟ್ಟುತ್ತದೆ.

ಹಂತ 3: ನೋಟ್‌ಪ್ಯಾಡ್

D ಕಾಲಂನ 42 ಸಾಲು ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಎಕ್ಸೆಲ್‌ನಿಂದಲೇ ಟೆಕ್ಸ್ಟ್ ಕಡತವಾಗಿ ಉಳಿಸುವ ಅಡ್ಡದಾರಿ ಹಿಡಿಯಬೇಡಿ. ಅದು ಇದ್ದ ಉದ್ಧರಣ ಚಿಹ್ನೆಗಳಿಗೆ ಇನ್ನಷ್ಟು ಸೇರಿಸಿ ಎಲ್ಲವನ್ನೂ ಕೆಡಿಸುತ್ತದೆ. ಅಂಟಿಸಿದ ಮೇಲೆ ತಲೆಗೆ ಮೂರು ಸಾಲು, ಕೊನೆಗೆ ಒಂದು ಸಾಲು ಸೇರಿಸಿ:

```
@echo off
chcp 65001 >nul
cd /d "%~dp0"
md "01 ಐಶ್ವರ್ಯ"
md "02 ಅನಿಲ್ ಕುಮಾರ್"
pause
```

ಎರಡನೇ ಸಾಲು ಇಲ್ಲದಿದ್ದರೆ ಕನ್ನಡದ ಹೆಸರುಗಳು ವಿಚಿತ್ರ ಚಿಹ್ನೆಗಳಾಗಿ ಹುಟ್ಟುತ್ತವೆ. ಮೂರನೆಯದು ‘ಈ ಕಡತ ಎಲ್ಲಿದೆಯೋ ಅಲ್ಲೇ ಕೆಲಸ ಮಾಡು’ ಎಂದು ಹೇಳುತ್ತದೆ. ಅದಿಲ್ಲದೆ Run as administrator ಕೊಟ್ಟವರ ಮಕ್ಕಳೆಲ್ಲ ವಿಂಡೋಸ್‌ನ System32 ಒಳಗೆ ಹೋಗಿ ಕೂತಿರುತ್ತಾರೆ. ಮಾಮೂಲಿ ಡಬಲ್ ಕ್ಲಿಕ್ ಸಾಕು, ಆ ಆಯ್ಕೆ ಬೇಕೇ ಇಲ್ಲ.

ಉಳಿಸುವಾಗ ಎರಡು ಕಡೆ ಗಮನ ಇರಲಿ. Save as type ಎಂಬಲ್ಲಿ All files ಆರಿಸಿ, ಹೆಸರನ್ನು `folder.bat` ಎಂದು ಕೊಡಿ. ಇಲ್ಲದಿದ್ದರೆ `folder.bat.txt` ಆಗಿ, ಕ್ಲಿಕ್ ಮಾಡಿದರೆ ನೋಟ್‌ಪ್ಯಾಡೇ ತೆರೆಯುತ್ತದೆ. ಕೆಳಗೆ Encoding ಎಂಬಲ್ಲಿ UTF-8 ಇರಲಿ. ANSI ಕೊಟ್ಟರೆ ಕನ್ನಡದ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಒಂದು ಫೋಲ್ಡರೂ ಹುಟ್ಟುವುದಿಲ್ಲ. ಹಳೆಯ ವಿಂಡೋಸ್‌ನಲ್ಲಿ ಮೊದಲ ಸಾಲಿಗೆ ಮಾತ್ರ ಒಂದು ದೂರು ಬರಬಹುದು, ಅದನ್ನು ಲೆಕ್ಕಕ್ಕೆ ಇಡಬೇಡಿ.

ಹಂತ 4: ಓಡಿಸುವುದು

ಖಾಲಿ ಫೋಲ್ಡರ್ ಒಂದರೊಳಗೆ ಆ ಕಡತ ಇಟ್ಟು ಡಬಲ್ ಕ್ಲಿಕ್ ಮಾಡಿ. ಕಪ್ಪು ಕಿಟಕಿಯಲ್ಲಿ ಕನ್ನಡದ ಬದಲು ಚೌಕಗಳು ಕಂಡರೂ ಗಾಬರಿ ಬೇಡ, ಫೋಲ್ಡರ್‌ಗಳಲ್ಲಿ ಹೆಸರು ಸರಿಯಾಗಿಯೇ ಇರುತ್ತದೆ.

ಹಂತ 5: ಎಣಿಸುವುದು

ಕಣ್ಣಾಡಿಸಿ ಎದ್ದುಹೋಗಬೇಡಿ, ಎರಡು ಲೆಕ್ಕ ತಾಳೆ ನೋಡಿ. ಕಿಟಕಿಯ ಕೆಳಅಂಚಿನಲ್ಲಿ 43 ಎಂದಿರಬೇಕು: 42 ಫೋಲ್ಡರ್, ಒಂದು `.bat` ಕಡತ. ಆಮೇಲೆ ಹೊರಗೆ ಬಂದು ಆ ತರಗತಿಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ Properties ನೋಡಿ. Contains ಎಂಬಲ್ಲಿ ಬರುವ ಲೆಕ್ಕ ಒಳಗಿನ ಮರಿ ಫೋಲ್ಡರ್‌ಗಳನ್ನೂ ಸೇರಿಸಿಕೊಳ್ಳುತ್ತದೆ. ಅಲ್ಲಿ 42 ಇದ್ದರೆ ಸರಿ. ಕೆಳಅಂಚಿನ ಲೆಕ್ಕ ಸರಿಯಿದ್ದು ಇಲ್ಲಿ 43 ಫೋಲ್ಡರ್ ಎಂದು ಬಂದರೆ ಎಲ್ಲೋ ಒಂದು ಗೀಟು ತಪ್ಪಿಸಿಕೊಂಡಿದೆ. ಮೇಲಿನ ಫಾರ್ಮುಲಾ ಮುಂದಕ್ಕೆ ವಾಲಿದ ಗೀಟನ್ನಷ್ಟೇ ಹಿಡಿಯುತ್ತದೆ, ಹಿಂದಕ್ಕೆ ವಾಲಿದ `\` ಬಿಟ್ಟುಬಿಡುತ್ತದೆ. ಅದನ್ನೇ ಮೊದಲು ಹುಡುಕಿ.

ತಪ್ಪಾಗಿದ್ದರೆ ಒಂದೊಂದಾಗಿ ಅಳಿಸುತ್ತ ಕೂರಬೇಡಿ. ನೋಟ್‌ಪ್ಯಾಡ್‌ನಲ್ಲಿ `md "` ಇದ್ದ ಕಡೆಯೆಲ್ಲ `rd "` ಎಂದು ಬದಲಿಸಿ ಮತ್ತೆ ಓಡಿಸಿ. `rd` ಖಾಲಿ ಫೋಲ್ಡರನ್ನು ಮಾತ್ರ ತೆಗೆಯುತ್ತದೆ. ಒಳಗೆ ಒಂದೇ ಒಂದು ಕಡತವಿದ್ದರೂ ಬಿಟ್ಟು ಮುಂದೆ ಹೋಗುತ್ತದೆ. ಗೀಟಿನಿಂದ ಎರಡಾದ ಹೆಸರಿನಲ್ಲಿ ಒಳಗಿನ ಮರಿ ಫೋಲ್ಡರ್ ಮಾತ್ರ ಹೋಗುತ್ತದೆ, ಹೊರಗಿನದನ್ನು ಕೈಯಾರೆ ಅಳಿಸಿ. ಯಾರೋ ಹೇಳಿದರೆಂದು ಅದರ ಮುಂದೆ `/s` ಸೇರಿಸಿದಿರೋ, ಸ್ಕ್ಯಾನ್ ಮಾಡಿದ ದಾಖಲೆಗಳೂ ಹೋಗುತ್ತವೆ, ರಿಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ.

ಪಕ್ಕದ ವಿಭಾಗದ ಟೀಚರ್ ಕೇಳಿದರೆ `.bat` ಕಡತ ಕಳಿಸಲು ಹೋಗಬೇಡಿ, ಜಿಮೇಲ್ ಅದನ್ನು ತಡೆಯುತ್ತದೆ. ಫಾರ್ಮುಲಾ ಇರುವ ಎಕ್ಸೆಲ್ ಶೀಟ್ ಕಳಿಸಿ.

ಜುಲೈನಲ್ಲಿ ಇಬ್ಬರು ಹೊಸದಾಗಿ ಸೇರಿದರೆ ಅವರನ್ನು 43, 44 ಎಂದು ಪಟ್ಟಿಯ ಕೊನೆಗೇ ಸೇರಿಸಿ, ಅವರ `md` ಸಾಲುಗಳನ್ನು `.bat` ಕಡತದಲ್ಲಿ `pause` ಮೇಲೆ ಅಂಟಿಸಿ, ಇಡೀ ಕಡತವನ್ನು ಮತ್ತೆ ಓಡಿಸಿ. ಮೊದಲಿದ್ದ 42ಕ್ಕೂ ಏನೂ ಆಗುವುದಿಲ್ಲ, ‘ಆಗಲೇ ಇದೆ’ ಎಂಬ ಅರ್ಥದ ಸಾಲು ಪರದೆಯಲ್ಲಿ ಬರುತ್ತದೆ ಅಷ್ಟೇ. ಹೊಸಬರನ್ನು ಅಕಾರಾದಿಯಾಗಿ ನಡುವೆ ತುರುಕಿ ಕ್ರಮಸಂಖ್ಯೆ ಬದಲಿಸಿದರೆ ಮಾತ್ರ, ಅವರ ಕೆಳಗಿರುವ ಪ್ರತಿಯೊಂದು ಮಗುವಿಗೂ ಎರಡೆರಡು ಫೋಲ್ಡರ್ ಆಗುತ್ತದೆ: ಹಳೆಯ ಸಂಖ್ಯೆಯದರಲ್ಲಿ ದಾಖಲೆ, ಹೊಸ ಸಂಖ್ಯೆಯದು ಖಾಲಿ.