ಗಿರಣಿಯ ಎಚ್ಚರಿಕೆ ಫಲಕ ತಿದ್ದುವುದು ಹೇಗೆ?

ದಾವಣಗೆರೆ ಸುತ್ತಲಿನ ಅಕ್ಕಿ ಗಿರಣಿಗಳಲ್ಲಿ ಭತ್ತವನ್ನು ಮೇಲಕ್ಕೆ ಸಾಗಿಸುವುದು ಎಲಿವೇಟರ್, ಅಂದರೆ ಸಾಲಾಗಿ ಬಕೆಟ್ ಜೋಡಿಸಿದ ಸುತ್ತುವ ಬೆಲ್ಟ್. ಅದರ ಬುಡದಲ್ಲಿ ಹುಲ್ಲು, ಗೋಣಿದಾರ ಸಿಕ್ಕಿಕೊಂಡರೆ ಬಾಗಿಲು ತೆಗೆದು ಬಿಡಿಸಬೇಕು. ಅಲ್ಲಿ ಇಂಥದ್ದೊಂದು ಫಲಕ ಇದೆ ಎಂದುಕೊಳ್ಳಿ:

"ಯಂತ್ರದ ಸ್ವಚ್ಛತಾ ಕಾರ್ಯದ ಸಂದರ್ಭದಲ್ಲಿ ವಿದ್ಯುತ್ ಸಂಪರ್ಕ ಕಡಿತಗೊಳಿಸದೆ ಒಳಭಾಗದಲ್ಲಿ ಕೈ ಹಾಕಬಾರದು. ತಪ್ಪಿದಲ್ಲಿ ಆಡಳಿತ ಮಂಡಳಿ ಜವಾಬ್ದಾರಿಯಲ್ಲ."

ಕೊನೆಯ ವಾಕ್ಯವನ್ನು ಮೊದಲು ಹೊಡೆದುಹಾಕಿ. ಅದು ಮಾಲೀಕರ ಸಮಾಧಾನಕ್ಕೆ ಬರೆದದ್ದು, ಕೆಲಸಗಾರನಿಗಲ್ಲ.

ಇನ್ನು ಮೊದಲ ವಾಕ್ಯ. ಕನ್ನಡದಲ್ಲಿ 'ಬೇಡ', 'ಬಾರದು' ಬರುವುದು ಕೊನೆಗೆ. ಅವಸರದ ಕಣ್ಣು 'ಒಳಭಾಗದಲ್ಲಿ ಕೈ ಹಾಕ' ಎಂಬಲ್ಲೇ ನಿಂತರೆ ಅರ್ಥ ತಿರುಗುಮುರುಗು. ಸಾಲು ಅಲ್ಲೇ ಮುರಿದರೆ, ಫಲಕದ ಅಂಚು ಕಿತ್ತುಹೋದರೆ ಇನ್ನೂ ಕಷ್ಟ. 'ಕಡಿತಗೊಳಿಸದೆ' ಸೇರಿ ಎರಡು ನಿಷೇಧ ಬೇರೆ. ಹಾಗಾಗಿ ಮಾಡಬಾರದ್ದನ್ನು ಬಿಟ್ಟು, ಮಾಡಬೇಕಾದ್ದನ್ನು ಕೈ ಚಲಿಸುವ ಕ್ರಮದಲ್ಲೇ ಬರೆಯಿರಿ.

ಬರೆಯುವ ಮುನ್ನ ಫಿಟ್ಟರ್ ಜೊತೆ ಯಂತ್ರದ ಹತ್ತಿರ ನಿಂತು ಕೆಲಸ ನೋಡಿ. ಮೋಟಾರ್ ಆಫ್ ಮಾಡಿದರೂ ಒಂದು ಬದಿಯ ಬಕೆಟ್‌ಗಳಲ್ಲಿ ಭತ್ತ ತುಂಬಿರುತ್ತದೆ; ತಡೆ ಇಲ್ಲದಿದ್ದರೆ ಆ ಭಾರಕ್ಕೆ ಬೆಲ್ಟ್ ಹಿಂದಕ್ಕೆ ಉರುಳುತ್ತದೆ. ಸಿಕ್ಕು ಬಿಡಿಸಿದ ಕ್ಷಣದಲ್ಲೂ ಹಾಗಾಗಬಹುದು. ಹಳೆಯ ಫಲಕದಲ್ಲಿ ಈ ಅಪಾಯದ ಸುಳಿವೇ ಇಲ್ಲ. ಕೈ ಬದಲು ಕೊಕ್ಕೆ ಬೇಕಾಗುವುದು ಇದಕ್ಕೇ.

ತಿದ್ದಿದ ಮೇಲೆ:

ಬೆಲ್ಟ್ ಕೈ ಎಳೆಯುತ್ತೆ!
1. ಮೇನ್ ಆಫ್ ಮಾಡಿ
2. ಬೀಗ ಹಾಕಿ, ಬೀಗದ ಕೈ ಜೇಬಲ್ಲಿಡಿ
3. ಬೆಲ್ಟ್ ನಿಂತ ಮೇಲೆ ಬಾಗಿಲು ತೆಗೆಯಿರಿ
4. ಕೊಕ್ಕೆಯಿಂದ ಬಿಡಿಸಿ

'ಕೀಲಿ' ಎಂದು ಬರೆಯದಿರುವುದಕ್ಕೆ ಕಾರಣವಿದೆ: ಒಬ್ಬರಿಗೆ ಅದು ಬೀಗ, ಇನ್ನೊಬ್ಬರಿಗೆ ಬೀಗದ ಕೈ.

ಎಚ್ಚರಿಕೆಯ ಸಾಲಿನ ಪಕ್ಕ ಹಳದಿ ತ್ರಿಕೋನದಲ್ಲಿ ಕೈ ಸಿಕ್ಕಿಕೊಳ್ಳುವ ಚಿತ್ರ, ಕೆಲಸದ ಸಾಲುಗಳ ಪಕ್ಕ ನೀಲಿ ವೃತ್ತದಲ್ಲಿ ಬೀಗದ ಚಿತ್ರ ಇರಲಿ. ಕನ್ನಡ ಓದಲು ಬಾರದ ಹಮಾಲರಿಗೂ ಅಷ್ಟು ತಿಳಿಯುತ್ತದೆ. ಅಕ್ಷರದ ಎತ್ತರಕ್ಕೆ ಒಂದು ಅಂದಾಜು: ನೋಡುವ ದೂರವನ್ನು 200ರಿಂದ ಭಾಗಿಸಿ. 3 ಮೀಟರಿನಿಂದ ಓದಬೇಕಾದರೆ ಕನಿಷ್ಠ 15 ಮಿಲಿಮೀಟರ್. ತೀರಾ ದಪ್ಪ ಅಕ್ಷರ ಬೇಡ, ಒತ್ತಕ್ಷರದ ಸಂದುಗಳು ತೌಡಿನ ಧೂಳಿಗೆ ಮುಚ್ಚಿಹೋಗುತ್ತವೆ.

ಅಚ್ಚಿಗೆ ಕೊಡುವ ಮುಂಚೆ ಕಾಗದದಲ್ಲಿ ಬರೆದು, ಈ ಕೆಲಸ ಗೊತ್ತಿಲ್ಲದ ಒಬ್ಬರಿಗೆ ಎಣಿಸಿ ಐದು ಸೆಕೆಂಡ್ ತೋರಿಸಿ, ಮಡಚಿಬಿಡಿ. "ಅರ್ಥ ಆಯ್ತಾ?" ಎಂದು ಕೇಳಿದರೆ "ಹೂಂ ಸಾರ್" ಎಂದೇ ಉತ್ತರ. "ಅಣ್ಣ, ಈಗ ಮೊದ್ಲು ಏನ್ ಮಾಡ್ತೀರಿ?" ಎಂದು ಕೇಳಿ. "ಮೇನ್ ಆಫ್ ಮಾಡ್ತೀನಿ. ಆದ್ರೆ ಯಾವ ಮೇನ್ ಸಾರ್?" ಎಂದರೆ ಪ್ಯಾನೆಲ್ ಬೋರ್ಡಿನ ಆ ಸ್ವಿಚ್ಚಿನ ಮೇಲೆ ದೊಡ್ಡದಾಗಿ 3 ಎಂದು ಬಣ್ಣದಲ್ಲಿ ಬರೆಸಿ, ಫಲಕದ ಮೊದಲ ಹೆಜ್ಜೆಯನ್ನು '3ನೇ ಮೇನ್ ಆಫ್ ಮಾಡಿ' ಎಂದು ತಿದ್ದಿ.