ಬಸುರಿ ಮನೆಯಲ್ಲಿ ಹೇರ್ ಡೈ, ಸೊಳ್ಳೆ ಬತ್ತಿ, ಆಸಿಡ್: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಸೋಮವಾರಪೇಟೆ ಕಡೆಯ ಒಂದು ತೋಟದ ಮನೆ ಎಂದುಕೊಳ್ಳಿ. ಆಗಸ್ಟ್ ಕೊನೆ, ಮಳೆ ಇನ್ನೂ ಬಿಟ್ಟಿಲ್ಲ. ಸೊಸೆಗೆ ನಾಲ್ಕು ತಿಂಗಳು. ಕೈಲ್ ಮುಹೂರ್ತದ ಹಬ್ಬಕ್ಕೆ ನೆಂಟರು ಬರುತ್ತಾರೆ, ಬೈತಲೆಯಲ್ಲಿ ಬಿಳಿ ಕೂದಲು ಕಾಣುತ್ತಿದೆ. ಡೈ ಪ್ಯಾಕೆಟ್ ಕೈಗೆತ್ತಿಕೊಂಡರೆ ಅತ್ತೆ, "ಬೇಡಮ್ಮಾ, ಮಗುವಿಗೆ ಆಗಲ್ಲ" ಎನ್ನುತ್ತಾರೆ. ಅದೇ ಅತ್ತೆ ಸಂಜೆ ಅವಳ ಮಂಚದ ಕೆಳಗೆ ಸೊಳ್ಳೆ ಬತ್ತಿ ಹಚ್ಚಿಟ್ಟು, ಕಿಟಕಿ ಭದ್ರ ಮಾಡಿ, ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಎರಡೂ ಕಾಳಜಿಯಿಂದಲೇ. ಆದರೆ ಹೆದರಬೇಕಾದದ್ದು ಡೈಗಿಂತ ಜಾಸ್ತಿ ಆ ಬತ್ತಿಗೆ.

ಯಾವ ವಸ್ತುವಾದರೂ ಸರಿ, ಎರಡು ಪ್ರಶ್ನೆ ಕೇಳಿಕೊಳ್ಳಿ. ಅದು ಮೈಯೊಳಗೆ ಎಷ್ಟು ಹೋಗುತ್ತದೆ? ಎಷ್ಟು ಸಲ ಹೋಗುತ್ತದೆ? ಕೊಡಗಿನ ಮಳೆಗಾಲದಲ್ಲಿ ಕಿಟಕಿ ತೆರೆಯುವುದೇ ಅಪರೂಪ. ಹಾಗಾಗಿ ಚರ್ಮಕ್ಕೆ ತಾಗುವುದಕ್ಕಿಂತ ಉಸಿರಲ್ಲಿ ಒಳಗೆ ಹೋಗುವುದನ್ನು ಇಲ್ಲಿ ಮೊದಲು ನೋಡಬೇಕು.

ಡೈ ಹಚ್ಚುವುದಾದರೆ

ಡೈ ತಲೆಯ ಮೇಲಿರುವುದು ಅರ್ಧ ಗಂಟೆ, ಅದೂ ಒಂದೆರಡು ತಿಂಗಳಿಗೊಮ್ಮೆ. ಗಾಯವಿಲ್ಲದ ನೆತ್ತಿಯಿಂದ ರಕ್ತಕ್ಕೆ ಇಳಿಯುವುದು ತೀರಾ ಸ್ವಲ್ಪ. ಅಷ್ಟರಿಂದ ಮಗುವಿಗೆ ತೊಂದರೆಯಾಗುತ್ತದೆ ಎನ್ನಲು ಆಧಾರ ಸಿಕ್ಕಿಲ್ಲ. ಮಗುವಿನ ಅಂಗಾಂಗ ರೂಪುಗೊಳ್ಳುವ ಮೊದಲ ಮೂರು ತಿಂಗಳು ಕಳೆಯಲಿ ಎಂದು ಹೇಳುವುದು ಮುನ್ನೆಚ್ಚರಿಕೆಗೆ ಮಾತ್ರ. ನಮ್ಮ ಸೊಸೆಗೆ ಅದು ಕಳೆದಿದೆ.

ಡೈಯಲ್ಲಿ ನಿಜವಾಗಿ ಕಾಡುವುದು ಅಲರ್ಜಿ. ಬಸುರಿಯಲ್ಲಿ ಚರ್ಮದ ಸ್ವಭಾವ ಬದಲಾಗಬಹುದು, ಹಿಂದೆಲ್ಲ ಒಗ್ಗಿದ್ದ ಡೈ ಈಗ ಒಗ್ಗದೇ ಇರಬಹುದು. ಹಬ್ಬಕ್ಕೆ ಎರಡು ದಿನ ಮೊದಲೇ ಕಿವಿಯ ಹಿಂದೆ ಚೂರು ಹಚ್ಚಿ, 48 ಗಂಟೆ ಕಾಯಿರಿ. ಕೆಂಪಾದರೆ, ತುರಿಸಿದರೆ, ಊದಿದರೆ ಬಿಟ್ಟುಬಿಡಿ. ಏನೂ ಆಗದಿದ್ದರೆ ಗಾಳಿಯಾಡುವ ಜಗಲಿಯಲ್ಲಿ ಕೂತು, ಕೈಗೆ ಗ್ಲೌಸ್ ಹಾಕಿಕೊಂಡು ಹಚ್ಚಿಕೊಳ್ಳಿ. ಪ್ಯಾಕೆಟ್ ಮೇಲೆ ಬರೆದ ಹೊತ್ತಿಗಿಂತ ಹೆಚ್ಚು ಬಿಡಬೇಡಿ, ಚೆನ್ನಾಗಿ ತೊಳೆಯಿರಿ. "ಮೆಹಂದಿ, ಪೂರ್ತಿ ಗಿಡಮೂಲಿಕೆ" ಎಂದು ಮಾರುವ ಕಪ್ಪು ಪುಡಿಯನ್ನು ಸುಮ್ನೆ ನಂಬಬೇಡಿ. ಬರೀ ಮದರಂಗಿ ಕೂದಲನ್ನು ಕೆಂಪಾಗಿಸುತ್ತದೆ, ಕಪ್ಪಾಗಿಸುವುದಿಲ್ಲ. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕವೇ ಅಂಥ ಪುಡಿಯಲ್ಲೂ ಇರಬಹುದು.

ಕೂದಲು ನೇರ ಮಾಡಿಸುವ ಕೆರಾಟಿನ್ ಚಿಕಿತ್ಸೆ ಮಾತ್ರ ಹೆರಿಗೆಯವರೆಗೆ ಬೇಡ. ಬಿಸಿ ತಾಗಿದಾಗ ಹಲವು ಕೆರಾಟಿನ್ ದ್ರಾವಣಗಳಿಂದ ಫಾರ್ಮಾಲ್ಡಿಹೈಡ್ ಹೊಗೆ ಏಳುತ್ತದೆ.

ಬಂಗಿನ ಕ್ರೀಮು

ಬಸುರಿಯಲ್ಲಿ ಕೆನ್ನೆಯ ಮೇಲೆ ಬಂಗು ಏಳುವುದು ಮಾಮೂಲಿ. ಪೌಡರ್, ಲಿಪ್‌ಸ್ಟಿಕ್ ಬಗ್ಗೆ ಅಷ್ಟೆಲ್ಲ ಯೋಚಿಸುವವರು, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಬಂಗಿನ ಟ್ಯೂಬ್ ತಂದು ದಿನಾ ರಾತ್ರಿ ಹಚ್ಚುತ್ತಾರೆ. ಇಲ್ಲಿ ಭಯ ಇರಲೇಬೇಕು. ಟ್ಯೂಬಿನ ಹಿಂದಿನ ಸಣ್ಣಕ್ಷರ ಓದಿ. ಹೈಡ್ರೋಕ್ವಿನೋನ್ ಅಥವಾ ಟ್ರೆಟಿನಾಯಿನ್ ಎಂದಿದ್ದರೆ ಪಕ್ಕಕ್ಕಿಡಿ. ಹೈಡ್ರೋಕ್ವಿನೋನ್ ಹಚ್ಚಿದ್ದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಚರ್ಮದ ಮೂಲಕ ಒಳಗೆ ಹೋಗುತ್ತದೆ. ಏನಿದೆ ಎಂದೇ ಬರೆಯದ, ವಾರದಲ್ಲಿ ಬಿಳುಪಾಗುತ್ತೀರಿ ಎನ್ನುವ ಡಬ್ಬಿ ಇನ್ನೂ ಅಪಾಯ. ಅಂಥವುಗಳಲ್ಲಿ ಪಾದರಸ ಇರಬಹುದು. ಅದು ತಾಯಿಯ ರಕ್ತದಿಂದ ಮಗುವಿಗೆ ದಾಟಿ, ಬೆಳೆಯುತ್ತಿರುವ ಮೆದುಳಿಗೆ ಹಾನಿ ಮಾಡುತ್ತದೆ. ಬಂಗಿಗೆ ಈಗ ಬಿಸಿಲು ತಡೆದರೆ ಸಾಕು. ಕೊಡೆ ಹಿಡಿಯಿರಿ, ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಹಚ್ಚಿ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಬಂಗು ತಾನಾಗಿಯೇ ತಿಳಿಯಾಗುತ್ತದೆ.

ಸೊಳ್ಳೆ: ಬತ್ತಿ ಬಿಡಿ, ಪರದೆ ಕಟ್ಟಿ

ಸೊಳ್ಳೆ ಬತ್ತಿಯ ಹೊಗೆಯನ್ನು ಅಳೆದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಒಂದು ಬತ್ತಿ ಪೂರ್ತಿ ಉರಿದರೆ, 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ ಎಂದು ಅದು ಕಂಡಿತು. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದು ಪ್ರತಿ ರಾತ್ರಿಯ ಮಾತು. ಅಗರಬತ್ತಿಯಂತೆ ಹಚ್ಚುವ, ನೋಂದಣಿ ಸಂಖ್ಯೆಯೇ ಇಲ್ಲದ ಸೊಳ್ಳೆ ಕಡ್ಡಿಯನ್ನು ಮನೆಯೊಳಗೆ ತರಲೇಬೇಡಿ.

ಹಾಗಂತ ಸೊಳ್ಳೆ ಕಚ್ಚಿದರೆ ಕಚ್ಚಲಿ ಎನ್ನುವಂತಿಲ್ಲ. ಬಸುರಿಗೆ ಡೆಂಗಿ ಬಂದರೆ ರಕ್ತಸ್ರಾವವಾಗಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಮಲೇರಿಯಾ ಕೂಡ ಬಸುರಿಯಲ್ಲಿ ಜೋರಾಗುತ್ತದೆ.

ರಾತ್ರಿಗೆ ಪರದೆ. ನಾಲ್ಕೂ ಬದಿ ಹಾಸಿಗೆಯಡಿ ಸಿಕ್ಕಿಸಿ, ಟಾರ್ಚ್ ಹಾಕಿ ಒಳಗೆ ಸೊಳ್ಳೆ ಉಳಿದಿದೆಯಾ ನೋಡಿ. ಪ್ಲಗ್‌ಗೆ ಸಿಕ್ಕಿಸುವ ಲಿಕ್ವಿಡ್ ಬೇಕೇ ಬೇಕು ಎಂದಾದರೆ ಮಲಗುವ ಮೊದಲು ಅರ್ಧ ಗಂಟೆ ಹಾಕಿ. ಆ ಹೊತ್ತು ಬಸುರಿ ಆ ಕೋಣೆಯಲ್ಲಿ ಬೇಡ. ಆಮೇಲೆ ಆರಿಸಿ, ಬಾಗಿಲು ತೆರೆದು ಗಾಳಿಯಾಡಿಸಿ, ನಂತರ ಒಳಗೆ ಬರಲಿ.

ಡೆಂಗಿ ಸೊಳ್ಳೆ ಕಚ್ಚುವುದು ಹಗಲು ಹೊತ್ತು. ಹಿತ್ತಲಿಗೆ, ತೋಟಕ್ಕೆ ಹೋಗುವಾಗ ಪರದೆ ಕೆಲಸಕ್ಕೆ ಬರುವುದಿಲ್ಲ, ಆಗ ಕ್ರೀಮು ಬೇಕು. ಅಂಥ ಕೆಲವು ಕ್ರೀಮುಗಳಲ್ಲಿ ಸೊಳ್ಳೆಯನ್ನು ದೂರವಿಡುವ ರಾಸಾಯನಿಕ ಡೀಟ್. ಅದರ ಹೆಸರು ಕೇಳಿದರೆ ಹಲವರು ಬೆಚ್ಚುತ್ತಾರೆ. ಥಾಯ್ಲೆಂಡ್‌ನ ಗಡಿಯಲ್ಲಿ ಸುಮಾರು 900 ಬಸುರಿಯರ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಅಧ್ಯಯನ ಅವರು ಓದಬೇಕಾದದ್ದು. ಅದರಲ್ಲಿ ಅರ್ಧದಷ್ಟು ಮಂದಿ ನಾಲ್ಕನೇ ತಿಂಗಳಿನಿಂದಾಚೆ ಶೇ 20ರ ಡೀಟ್ ದಿನಾ ಹಚ್ಚಿದರು. ತಾಯಂದಿರಲ್ಲಾಗಲಿ, ಮಕ್ಕಳಿಗೆ ಒಂದು ವರ್ಷ ತುಂಬುವವರೆಗಾಗಲಿ ಅದರಿಂದ ತೊಂದರೆ ಕಾಣಲಿಲ್ಲ. ಬಟ್ಟೆ ಮುಚ್ಚದ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ. ಮಳೆಗೆ ನೆನೆದರೆ ಮತ್ತೆ ಹಚ್ಚಬೇಕು. ಮನೆಗೆ ಬಂದ ಮೇಲೆ ಸೋಪಿನಲ್ಲಿ ತೊಳೆದುಬಿಡಿ. ಜೊತೆಗೆ ಹಿತ್ತಲಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೇ ಟೈರಿನ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಜ್ವರ ಬಂದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಬಚ್ಚಲು, ಅಂಗಳದ ಪಾಚಿ

ಫಿನಾಯಿಲ್ ಹಾಕಿ ನೆಲ ಒರೆಸುವುದಕ್ಕೆ ಹೆದರಬೇಕಿಲ್ಲ, ಬಾಟಲಿಯಲ್ಲಿ ಹೇಳಿದಷ್ಟೇ ಹಾಕಿ, ಬಾಗಿಲು ತೆರೆದಿಡಿ. ನಿಜವಾದ ಗಂಡಾಂತರ ಬರುವುದು ಎರಡು ಕ್ಲೀನರ್ ಕೂಡಿದಾಗ. ಟಾಯ್ಲೆಟ್‌ಗೆ ಆಸಿಡ್ ಸುರಿದಿರುತ್ತಾರೆ, ಪಾಚಿ ಹೋಗಲಿಲ್ಲ ಎಂದು ಅದರ ಮೇಲೇ ಬ್ಲೀಚಿಂಗ್ ಪೌಡರ್ ಉದುರಿಸುತ್ತಾರೆ. ಕ್ಷಣದಲ್ಲಿ ಕ್ಲೋರಿನ್ ಅನಿಲ ಏಳುತ್ತದೆ. ಘಾಟು ವಾಸನೆ, ಕಣ್ಣುರಿ, ಬಿಡದ ಕೆಮ್ಮು ಬಂದರೆ ಅದೇ ಗುರುತು. ನೀರು ಹಾಕಿ ಸರಿಮಾಡಲು ನಿಲ್ಲಬೇಡಿ. ಬಾಗಿಲು ತೆರೆದಿಟ್ಟು ಹೊರಗೆ ಬನ್ನಿ. ಉಸಿರು ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಿ, ಯಾಕೆಂದರೆ ತಾಯಿಯ ಉಸಿರೇ ಮಗುವಿನ ಉಸಿರು. ಒಂದು ದಿನಕ್ಕೆ ಒಂದೇ ಕ್ಲೀನರ್ ಎಂದು ಮನೆಯಲ್ಲಿ ನಿಯಮ ಮಾಡಿ. ಅಂಗಳದ ಪಾಚಿಗೆ ಪೌಡರ್ ಹಾಕಿ ಉಜ್ಜುವ ಕೆಲಸ ಬೇರೆಯವರದ್ದಾಗಲಿ. ಅಲ್ಲಿ ಪೌಡರ್‌ಗಿಂತಲೂ ಜಾರಿ ಬೀಳುವ ಭಯ ದೊಡ್ಡದು ಅಲ್ವಾ.

ಪೆಟ್ಟಿಗೆಯ ಗುಳಿಗೆ

ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಪೆಟ್ಟಿಗೆಗೆ ನುಸಿ ಗುಳಿಗೆ ಹಾಕುತ್ತೇವೆ. ಮೊದಲ ಮಗುವಿನ ಬಟ್ಟೆ, ತೊಟ್ಟಿಲ ಹಾಸೂ ಅದರೊಳಗೇ ಇರುತ್ತವೆ. ಈ ಗುಳಿಗೆ ಹೆಚ್ಚಾಗಿ ನ್ಯಾಫ್ತಲೀನ್. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶು ಅದರ ಆವಿ ಉಸಿರಾಡಿದರೆ ಕೆಂಪು ರಕ್ತಕಣಗಳು ಒಡೆದು ಜೋರು ಕಾಮಾಲೆ ಬರಬಹುದು. ಕೊರತೆ ಇದೆಯೋ ಇಲ್ಲವೋ ಹುಟ್ಟುವ ಮೊದಲು ಗೊತ್ತಿರುವುದಿಲ್ಲ. ಆದ್ದರಿಂದ ಗುಳಿಗೆಯನ್ನು ಈಗಲೇ ಬಸುರಿಯ ಕೋಣೆಯಿಂದ ಹೊರಗೆ ಹಾಕಿ. ನಮ್ಮ ಸೊಸೆಗೆ ಹೆರಿಗೆ ಜನವರಿ ಕೊನೆಗೆ. ಡಿಸೆಂಬರ್ ಬಿಸಿಲಿಗೆ ಬಟ್ಟೆಯೆಲ್ಲ ಒಗೆದು, ವಾಸನೆ ಪೂರ್ತಿ ಹೋಗುವವರೆಗೆ ಹರವಬಹುದು. ಮಳೆಗಾಲದಲ್ಲೇ ಹೆರಿಗೆ ಇರುವವರು ಗುಳಿಗೆ ತಾಗದ ಬೇರೆ ಬಟ್ಟೆಯನ್ನೇ ಇಟ್ಟುಕೊಳ್ಳಿ. ಹುಟ್ಟಿದ ಮಗುವಿನ ಮೈ, ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಬಟ್ಟೆಗೆ ಗುಳಿಗೆ ಹಾಕಿದ್ದೆವು ಎಂಬುದನ್ನೂ ಡಾಕ್ಟರಿಗೆ ಹೇಳಿ.