ಡಿಸ್ಚಾರ್ಜ್ ಪದ್ಧತಿ ಬದಲಾಯಿಸ್ಬೇಕಾ? ಮೊದ್ಲು ಒಂದೇ ವಾರ್ಡಲ್ಲಿ ಮಾಡಿ, ವಾಪಸ್ ಬರೋ ದಾರಿ ಬರೆದಿಟ್ಕೊಂಡು ಮಾಡಿ

ಬೆಳಿಗ್ಗೆ ಹತ್ತಕ್ಕೆ ಡಾಕ್ಟ್ರು ರೌಂಡ್ಸ್‌ಗೆ ಬಂದು "ಇವತ್ತು ಮನೆಗೆ ಹೋಗ್ಬೋದು" ಅಂತಾರೆ, ಪೇಷೆಂಟ್ ಹೊರಡೋದು ಮಾತ್ರ ಸಂಜೆ ನಾಲ್ಕಕ್ಕೆ. ಮಧ್ಯದಲ್ಲಿ ಸಮ್ಮರಿ ಟೈಪ್ ಆಗ್ಬೇಕು, ಉಳಿದ ಔಷಧಿ ಫಾರ್ಮಸಿಗೆ ವಾಪಸ್ ಹೋಗ್ಬೇಕು, ಬಿಲ್ ಕ್ಲೋಸ್ ಆಗ್ಬೇಕು, ಇನ್ಶೂರೆನ್ಸ್ ಇದ್ರೆ ಅಪ್ರೂವಲ್ ಬರ್ಬೇಕು. ಇದಕ್ಕೆ ಎಲ್ರಿಗೂ ಗೊತ್ತಿರೋ ಮದ್ದು ಅಂದ್ರೆ ನಾಳೆ ಯಾರು ಹೋಗ್ತಾರೆ ಅಂತ ಹಿಂದಿನ ಸಂಜೆನೇ ಗುರುತು ಹಾಕಿ ಅರ್ಧ ಕೆಲ್ಸ ರಾತ್ರಿನೇ ಮುಗಿಸಿಬಿಡೋದು. ಐಡಿಯಾ ಏನೋ ಸರಿನೇ, ಆದ್ರೆ ಆಸ್ಪತ್ರೆಗಳು ಮಾಡೋ ರೀತಿ ನೋಡಿದ್ರೆ ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ. ಒಂದನೇ ತಾರೀಖಿಂದ ಎಲ್ಲಾ ವಾರ್ಡಿಗೂ ಅಂತ ಸರ್ಕ್ಯುಲರ್ ಬರುತ್ತೆ, ಹದಿನೈದು ದಿನಕ್ಕೆ ಗಲಾಟೆ, ಆಮೇಲೆ ಯಾವ ವಾರ್ಡಲ್ಲಿ ಹಳೇದು ನಡೀತಿದೆ ಯಾವುದ್ರಲ್ಲಿ ಹೊಸದು ಅಂತ ಯಾರಿಗೂ ಗೊತ್ತಿರಲ್ಲ.

ಹಂತ 1: ವಾರ್ಡ್ ಆರಿಸೋದು

ಎಲ್ರೂ ತಮ್ಮ ಬೆಸ್ಟ್ ವಾರ್ಡ್ ಆರಿಸ್ತಾರೆ. ಬೇಡ. ಮಧ್ಯಮ ವಾರ್ಡ್ ಒಂದನ್ನ ತಗೊಳ್ಳಿ. ಇಲ್ಲಿ 30 ಬೆಡ್‌ನ ಜನರಲ್ ಸರ್ಜರಿ ವಾರ್ಡ್, ದಿನಕ್ಕೆ ಆರು ಡಿಸ್ಚಾರ್ಜ್ ಅಂತ ಇಟ್ಕೊಳ್ಳೋಣ. ಹರ್ನಿಯಾ, ಅಪೆಂಡಿಕ್ಸ್ ಥರದ ಕೇಸ್‌ಗಳಲ್ಲಿ ನಾಳೆ ಹೋಗ್ತಾರಾ ಇಲ್ವಾ ಅಂತ ಸಂಜೆನೇ ಹೆಚ್ಚುಕಮ್ಮಿ ಗೊತ್ತಾಗುತ್ತೆ, ಅದಕ್ಕೇ ಸರ್ಜರಿ.

ಹಂತ 2: ಶುರು ಮಾಡೋಕೆ ಮುಂಚೆ ಅಳೆಯೋದು

ಹಳೇ ಪದ್ಧತಿಯಲ್ಲೇ ನಾಲ್ಕು ವಾರ ಅಳೀರಿ. ಡಾಕ್ಟ್ರು ಕೇಸ್ ಶೀಟಲ್ಲಿ ಡಿಸ್ಚಾರ್ಜ್ ಅಂತ ಬರೆದ ಟೈಮಿಂದ ಬೆಡ್ ಖಾಲಿಯಾದ ಟೈಮಿನವರೆಗೆ. ಕಂಪ್ಯೂಟರಲ್ಲಿ ಎಂಟ್ರಿ ಆದ ಟೈಮ್ ನಂಬ್ಬೇಡಿ, ಸಿಸ್ಟರ್ ಪುರುಸೊತ್ತಾದಾಗ ಎಂಟ್ರಿ ಹಾಕಿರ್ತಾರೆ, ಲೆಕ್ಕದಲ್ಲಿ ಎರಡು ಗಂಟೆ ಸುಮ್ನೆ ಮಾಯ ಆಗಿರುತ್ತೆ. ಒಂದು ಕಾಗದ ಫೈಲಿಗೆ ಪಿನ್ ಮಾಡಿ ಕೈಯಲ್ಲೇ ಟೈಮ್ ಬರೆಸಿ, ಡ್ಯಾಶ್‌ಬೋರ್ಡ್ ಮಾರೋಕೆ ಬಂದವ್ರನ್ನ ಕಾಫಿ ಕೊಟ್ಟು ಕಳಿಸಿ.

ದುಡ್ಡು ಕಟ್ಟಿ ಹೋಗೋರ್ದು, ಇನ್ಶೂರೆನ್ಸ್‌ನವ್ರದ್ದು, ಸರ್ಕಾರಿ ಸ್ಕೀಮಿನವ್ರದ್ದು ಮೂರೂ ಬೇರೆ ಬೇರೆ ಇಡಿ. ಕ್ಯಾಶ್‌ಲೆಸ್ ಡಿಸ್ಚಾರ್ಜ್‌ಗೆ ಆಸ್ಪತ್ರೆಯಿಂದ ರಿಕ್ವೆಸ್ಟ್ ಹೋದ್ಮೇಲೆ ಮೂರು ಗಂಟೆ ಒಳಗೆ ಕೊನೇ ಅಪ್ರೂವಲ್ ಕೊಡ್ಬೇಕು ಅಂತ 2024ರಲ್ಲಿ ಇನ್ಶೂರೆನ್ಸ್ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಕಂಪನಿಗಳಿಗೆ ಹೇಳಿದೆ, ಆದ್ರೆ ಆ ಮೂರು ಗಂಟೆ ನಿಮ್ಮ ಕೈಲಿಲ್ಲ. ನಿಮ್ಮ ಕೈಲಿರೋದು ರಿಕ್ವೆಸ್ಟ್ ಎಷ್ಟು ಬೇಗ ಕಳಿಸ್ತೀರಿ ಅನ್ನೋದು, ಅದನ್ನೇ ಅಳೀರಿ. ಸರಾಸರಿ ತೆಗೀಬೇಡಿ, ಒಬ್ರು ಒಂಬತ್ತು ಗಂಟೆ ಕೂತ್ರೆ ಇಡೀ ವಾರದ ಲೆಕ್ಕ ಕೆಡುತ್ತೆ. ಎಲ್ಲಾ ಟೈಮನ್ನೂ ಸಾಲಾಗಿ ಬರೆದು ಮಧ್ಯದ್ದನ್ನ ತಗೊಳ್ಳಿ.

ಗುರಿ ಒಂದೇ ಸಾಕು, ದುಡ್ಡು ಕಟ್ಟೋರ್ದು ಐದು ಗಂಟೆ ಇದ್ದದ್ದು ಮೂರಕ್ಕೆ ಬರ್ಬೇಕು ಅಂತ ಇಟ್ಕೊಳ್ಳಿ. ಅದ್ರ ಜೊತೆ ಕೆಡಬಾರದ ಎರಡು ವಿಷ್ಯನೂ ಬರೆದಿಡಿ. ಮನೆಗೆ ಹೋದ್ಮೇಲೆ ಬಿಲ್ ತಿದ್ದಬೇಕಾದ ಕೇಸ್ ಹೆಚ್ಚಾಗಬಾರ್ದು, ಮತ್ತೆ ಸಮ್ಮರಿಯಲ್ಲಿ ಔಷಧಿ ತಪ್ಪು ಒಂದೂ ಇರಬಾರ್ದು.

ಹಂತ 3: ವಾಪಸ್ ಬರೋ ಪ್ಲಾನ್

ಜನ ಎಡವೋದು ಇಲ್ಲೇ. "ಸರಿಹೋಗ್ಲಿಲ್ಲ ಅಂದ್ರೆ ಹಳೇ ಪದ್ಧತಿಗೆ ಹೋಗೋದು" ಅಂತ ಒಂದು ಸಾಲು ಬರೆದು ಮುಗಿಸ್ತಾರೆ. ಅದು ಪ್ಲಾನ್ ಅಲ್ಲ. ಯಾವಾಗ ನಿಲ್ಲಿಸ್ಬೇಕು, ಯಾರು ನಿಲ್ಲಿಸ್ಬೇಕು, ನಿಲ್ಲಿಸಿದ ಹೊತ್ತಿಗೆ ಅರ್ಧ ದಾರೀಲಿರೋ ಪೇಷೆಂಟ್‌ಗಳಿಗೆ ಏನ್ಮಾಡ್ಬೇಕು, ಇವಿಷ್ಟೂ ಇರ್ಲೇಬೇಕು.

ಯಾವಾಗ ಅನ್ನೋದನ್ನ ಶುರುವಿಗೆ ಮುಂಚೆನೇ ನಂಬರಲ್ಲಿ ಬರೀರಿ, ಆಮೇಲೆ ಬರೆಯೋಕೆ ಹೋದ್ರೆ "ಇನ್ನೊಂದು ವಾರ ನೋಡೋಣ" ಅಂತ ಎಳೀತಾನೇ ಇರ್ತೀರಿ. ಸಂಜೆ ಗುರುತು ಹಾಕಿದವ್ರಲ್ಲಿ ಮೂರಕ್ಕೆ ಒಬ್ರು ಮಾರನೇ ದಿನ ಹೋಗ್ಲಿಲ್ಲ, ಇದು ಸತತ ಎರಡು ವಾರ ಆಯ್ತು ಅಂದ್ರೆ ನಿಲ್ಸಿ. ಇದನ್ನ ಮೆಡಿಕಲ್ ಸೂಪರಿಂಟೆಂಡೆಂಟ್ ವಾರಕ್ಕೊಮ್ಮೆ ಕೂತು ನೋಡಿ ತೀರ್ಮಾನ ಮಾಡ್ಲಿ. ಆದ್ರೆ ತಪ್ಪು ಔಷಧಿ ಬರೆದ ಸಮ್ಮರಿ ಒಂದೇ ಒಂದು ಪೇಷೆಂಟ್ ಕೈಗೆ ಹೋದ್ರೂ ಆವತ್ತೇ ನಿಲ್ಲಿಸೋ ಅಧಿಕಾರ ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗೆ ಇರ್ಬೇಕು, ಯಾರನ್ನೂ ಕೇಳೋ ಹಾಗಿರಬಾರ್ದು. ಅವ್ರು ಫೋನ್ ಮಾಡಿ ಪರ್ಮಿಶನ್ ಕೇಳೋಷ್ಟರಲ್ಲಿ ಇನ್ನಿಬ್ರು ಅದೇ ಥರದ ಸಮ್ಮರಿ ಹಿಡ್ಕೊಂಡು ಹೊರಟಿರ್ತಾರೆ.

ಇನ್ನು ಅರ್ಧ ದಾರಿಯವ್ರು. ಸಂಜೆ ಆರು ಜನಕ್ಕೆ ಗುರುತು ಬಿತ್ತು, ರಾತ್ರಿ ಎಂಟಕ್ಕೆ ಅವ್ರ ಉಳಿದ ಇಂಜೆಕ್ಷನ್ ಮಾತ್ರೆ ಎಲ್ಲಾ ಫಾರ್ಮಸಿಗೆ ವಾಪಸ್ ಹೋಯ್ತು, ಬಿಲ್ಲಲ್ಲಿ ಕಳೆದಿದ್ದೂ ಆಯ್ತು, ಡ್ಯೂಟಿ ಡಾಕ್ಟ್ರು ಸಮ್ಮರಿ ಟೈಪ್ ಮಾಡಿಟ್ರು. ರಾತ್ರಿ ಎರಡಕ್ಕೆ ಒಬ್ರಿಗೆ ಚಳಿಜ್ವರ. ಕೊಡೋಕೆ ಆ್ಯಂಟಿಬಯೋಟಿಕ್ ವಾರ್ಡಲ್ಲಿಲ್ಲ, ಮತ್ತೆ ಇಂಡೆಂಟ್ ಹಾಕಿ ತರಿಸ್ಬೇಕು, ಡೋಸ್ ಲೇಟಾಗುತ್ತೆ. ಬೆಳಿಗ್ಗೆ ಡಾಕ್ಟ್ರು ಔಷಧಿ ಬದಲಾಯಿಸಿ ಎರಡು ದಿನ ಬಿಟ್ಟು ಕಳಿಸ್ತಾರೆ, ಆದ್ರೆ ಕಂಪ್ಯೂಟರಲ್ಲಿ ಹಳೇ ಸಮ್ಮರಿ ಹಾಗೇ ಕೂತಿದೆ, ಬೇರೆ ಶಿಫ್ಟಿನವ್ರು ಅದನ್ನೇ ಪ್ರಿಂಟ್ ತೆಗೆದು ಕೊಟ್ಬಿಡ್ತಾರೆ. ಒಬ್ರ ಡಿಸ್ಚಾರ್ಜ್ ಕ್ಯಾನ್ಸಲ್ ಆದ್ರೂ ಇದೇ, ಇಡೀ ಪದ್ಧತಿ ನಿಲ್ಸಿದ್ರೂ ಇದೇ.

ಅದಕ್ಕೇ ರಾತ್ರಿ ಔಷಧಿ ವಾಪಸ್ ಮಾಡುವಾಗ ಮಾರನೇ ಮಧ್ಯಾಹ್ನದವರೆಗಿನ ಡೋಸ್ ವಾರ್ಡಲ್ಲೇ ಉಳಿಸ್ಕೊಳ್ಳಿ, ಅದ್ರಲ್ಲಿ ಮಿಕ್ಕಿದ್ದನ್ನ ಬೆಳಿಗ್ಗೆ ವಾಪಸ್ ಮಾಡಿದ್ರಾಯ್ತು. ಟೈಪ್ ಮಾಡಿಟ್ಟ ಸಮ್ಮರಿ ಮೇಲೆ ದಪ್ಪಕ್ಷರದಲ್ಲಿ "ಡ್ರಾಫ್ಟ್" ಅಂತ ಇರ್ಲಿ, ಡಾಕ್ಟ್ರು ಬೆಳಿಗ್ಗೆ ನೋಡಿ ಸೈನ್ ಮಾಡೋತನಕ ಪ್ರಿಂಟ್ ಬರಬಾರ್ದು. ನಿಲ್ಲಿಸೋ ದಿನ ಬಂದ್ರೆ ಮಧ್ಯರಾತ್ರಿ ನಿಲ್ಲಿಸ್ಬೇಡಿ, ಬೆಳಿಗ್ಗೆ ಎಂಟರ ಶಿಫ್ಟ್ ಬದಲಾವಣೆಗೆ ನಿಲ್ಸಿ. ಔಷಧಿ ತಪ್ಪಿನಿಂದ ನಿಲ್ಸಿದ್ದಾದ್ರೆ ಮಾತ್ರ ಎಂಟರವರೆಗೂ ಕಾಯ್ಬೇಡಿ, ಡ್ರಾಫ್ಟ್ ಎಲ್ಲಾ ಆಗ್ಲೇ ಲಾಕ್ ಮಾಡಿಸಿ. ಇನ್‌ಚಾರ್ಜ್ ಸಿಸ್ಟರ್ ಕೈಲಿ ಗುರುತು ಬಿದ್ದವ್ರ ಪಟ್ಟಿ ಇರುತ್ತಲ್ಲ, ಒಬ್ಬೊಬ್ರದ್ದೇ ತಗೊಂಡು ಡ್ರಾಫ್ಟ್ ಅಳಿಸಿದ್ದಾಯ್ತಾ, ವಾಪಸ್ ಹೋದ ಔಷಧಿ ಬೇಕಾದ್ರೆ ಮತ್ತೆ ಬಂತಾ, ಬಿಲ್ ಸರಿಯಾಯ್ತಾ ಅಂತ ಟಿಕ್ ಹಾಕ್ಬೇಕು. ಹಳೇ ಡಿಸ್ಚಾರ್ಜ್ ಸ್ಲಿಪ್ಪಿನ ಕಟ್ಟನ್ನ ಪೈಲಟ್ ಮುಗಿಯೋವರೆಗೂ ಬಿಸಾಡ್ಬೇಡಿ.

ಸಾಫ್ಟ್‌ವೇರ್‌ನವ್ರು "ಒಂದೇ ವಾರ್ಡಿಗೆ ಆನ್ ಆಫ್ ಮಾಡೋಕಾಗಲ್ಲ ಸಾರ್, ಎಲ್ಲಾದಕ್ಕೂ ಒಟ್ಟಿಗೇ" ಅಂದ್ರೆ ಸಾಫ್ಟ್‌ವೇರ್ ಮುಟ್ಟಲೇಬೇಡಿ, ಪೈಲಟ್ ಪೂರ್ತಿ ಕಾಗದದಲ್ಲೇ ನಡೆಸಿ. ವಾಟ್ಸಾಪ್ ಗ್ರೂಪಲ್ಲಿ ಪಟ್ಟಿ ಹಾಕೋ ಶಾರ್ಟ್‌ಕಟ್ಟೂ ಬೇಡ, ಪೇಷೆಂಟ್ ಹೆಸ್ರು ಊರೆಲ್ಲಾ ಸುತ್ತುತ್ತೆ, ಗುಡ್ ಮಾರ್ನಿಂಗ್ ಹೂವಿನ ಕೆಳಗೆ ಮೆಸೇಜ್ ಹೂತೂ ಹೋಗುತ್ತೆ.

ಪ್ಲಾನ್ ಬರೆದ್ಮೇಲೆ ಮೊದಲ ವಾರದಲ್ಲೇ ಒಬ್ಬ ಪೇಷೆಂಟ್ ಫೈಲ್ ಇಟ್ಕೊಂಡು ವಾಪಸ್ ಬರೋದನ್ನ ಪ್ರಾಕ್ಟೀಸ್ ಮಾಡಿ. ಫಾರ್ಮಸಿಯಲ್ಲಿ ರಿಟರ್ನ್ ಎಂಟ್ರಿ ರದ್ದು ಮಾಡೋಕೆ ಯಾರ ಪಾಸ್‌ವರ್ಡ್ ಬೇಕು, ಅವ್ರು ರಾತ್ರಿ ಡ್ಯೂಟೀಲಿ ಇರ್ತಾರಾ ಅನ್ನೋದೆಲ್ಲಾ ಆಗ್ಲೇ ಗೊತ್ತಾಗೋದು.

ಹಂತ 4: ನಡೆಸೋದು

ನಾಲ್ಕರಿಂದ ಆರು ವಾರ ನಡೆಸಿ. ಮಧ್ಯದಲ್ಲಿ ನಿಯಮ ಬದಲಾಯಿಸ್ಬೇಡಿ.

ಹಂತ 5: ಫಲಿತಾಂಶ ನಂಬೋಕೆ ಮುಂಚೆ

ಐದು ಗಂಟೆ ಮೂರಕ್ಕೆ ಇಳೀತು ಅಂತ ಸ್ವೀಟ್ ಹಂಚೋಕೆ ಮುಂಚೆ ಪಕ್ಕದ ವಾರ್ಡುಗಳ ಟೈಮ್ ನೋಡಿ. ಬಿಲ್ಲಿಂಗ್‌ನವ್ರಿಗೆ ಇದು ಮೆಡಿಕಲ್ ಸೂಪರಿಂಟೆಂಡೆಂಟ್ ಕಣ್ಣಿಟ್ಟಿರೋ ವಾರ್ಡ್ ಅಂತ ಗೊತ್ತಿರುತ್ತೆ, ಇದರ ಫೈಲ್ ಬಂದ ತಕ್ಷಣ ಮೇಲಿಡ್ತಾರೆ, ಉಳಿದವ್ರು ಕಾಯ್ತಾರೆ. ಅಂದ್ರೆ ಸಮಯ ಉಳಿದಿಲ್ಲ, ಕಾಯೋದು ಮೆಡಿಸಿನ್ ವಾರ್ಡಿಗೆ ವರ್ಗ ಆಗಿದೆ ಅಷ್ಟೇ. ಪಕ್ಕದ ವಾರ್ಡಿನ ಟೈಮ್ ಏರಿದ್ರೆ ಬಿಲ್ಲಿಂಗ್‌ನಲ್ಲಿ ಬಂದ ಸರದಿ ಪ್ರಕಾರನೇ ಫೈಲ್ ತಗೊಳ್ಳೋ ಹಾಗೆ ಮಾಡಿ ಇನ್ನೆರಡು ವಾರ ಅಳೀರಿ.

ಎಲ್ಲಾ ಸರಿ ಇದ್ರೂ ಒಮ್ಮೆಲೇ ಐದು ವಾರ್ಡಿಗೆ ಹಾರ್ಬೇಡಿ. ರಾತ್ರಿ ಫಾರ್ಮಸಿಯಲ್ಲಿ ಒಬ್ರೇ ಇರ್ತಾರೆ, ಆರು ಜನರ ರಿಟರ್ನ್ ಅವ್ರು ತಗೋತಾರೆ, ಮೂವತ್ತು ಜನರದ್ದು ಆಗಲ್ಲ. ಎರಡನೇದಾಗಿ ಮೆಡಿಸಿನ್ ವಾರ್ಡ್ ತಗೊಳ್ಳಿ. ಅಲ್ಲಿ ಶುಗರ್ ಎಷ್ಟು, ಉಸಿರಾಟ ಹೇಗಿದೆ ಅಂತ ಬೆಳಿಗ್ಗೆ ನೋಡಿನೇ ಕಳಿಸೋದು, ಸಂಜೆ ಹಾಕಿದ ಗುರುತು ಜಾಸ್ತಿ ತಪ್ಪುತ್ತೆ, ಹಾಗಾಗಿ ಮೂರಕ್ಕೆ ಒಬ್ರು ಅನ್ನೋ ನಂಬರ್ ಅಲ್ಲಿ ಹಾಗೇ ಅಂಟಿಸೋಕಾಗಲ್ಲ, ಆ ವಾರ್ಡಿನ ಡಾಕ್ಟ್ರ ಜೊತೆ ಕೂತು ಹೊಸದಾಗಿ ಬರೀಬೇಕು.